ಬುತ್ತಿ ತೊಳೆಯುವುದೂ ನನ್ನ ಕೆಲಸವಾ?

ಮಾರಾಯ್ರೆ, ನಾನು ಸೇರಿದ್ದು ಲೆಕ್ಕ ಬರೆಯಲಿಕ್ಕೆ. ಆದರೆ ಹಂಪನಕಟ್ಟೆಯ ಟ್ರಾಫಿಕ್ಕಿನಲ್ಲಿ ಮಳೆಗೆ ನೆನೆದುಕೊಂಡು ಬಾಸಿಗೆ ಗೋಳಿಬಜೆ ತರುವುದೂ ನಾನೇ, ಅವರು ಉಂಡ ಮೀನುಸಾರಿನ ಬುತ್ತಿ ತೊಳೆಯುವುದೂ ನಾನೇ. ಒಂದು ದಿನ ಆದರೆ ಸಹಾಯ ಅನ್ನಬಹುದು, ದಿನಾ ಅಂದ್ರೆ?

ಸುಮ್ನೆ "ಅವಮಾನ ಮಾಡಿದರು" ಅಂತ ಬರೆದಿಟ್ಟರೆ ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಅಲ್ವಾ? ಹಾಗಾಗಿ ಅವತ್ತೇ ಸಂಜೆ ನನ್ನದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ: "ಜುಲೈ 8, ಮಂಗಳವಾರ, ಮಧ್ಯಾಹ್ನ 1.40. 'ತೊಳೆದು ತಾ, ವಾಸನೆ ಬರಬಾರದು' ಅಂದರು. ಪಕ್ಕದ ಟೇಬಲಿನವರು ಕೇಳಿಸಿಕೊಂಡರು. 20 ನಿಮಿಷ ಹೋಯಿತು, ಜಿಎಸ್‌ಟಿ ಬಿಲ್ಲು ಹಾಗೇ ಉಳಿಯಿತು. ಗೋಳಿಬಜೆಯ 60 ರೂಪಾಯಿ ಕೊಟ್ಟಿಲ್ಲ." ಅವರ ಮಾತು ಅವರದ್ದೇ ಶಬ್ದಗಳಲ್ಲಿ, ನನ್ನ ಸಿಟ್ಟು ಬೇರೆ ಪುಟದಲ್ಲಿ. ಆಫೀಸಿನ ಕಂಪ್ಯೂಟರಿನಲ್ಲಿ ಬರೆಯುವುದಿಲ್ಲ, ಕೆಲಸ ಬಿಟ್ಟ ದಿನ ಅದೂ ಕೈತಪ್ಪುತ್ತದೆ. ಆ 60 ರೂಪಾಯಿ ಇನ್ನೂ ಬಂದಿಲ್ಲ.