ಮೂರನೇ ವಾಯಿದೆಗೆ ಮುಂಚಿನ ಫೋನು

ನಮ್ಮ ಅಂಗಡಿಯಲ್ಲಿ ಪಾರ್ಟಿಗಳಿಗೆ ಹೆಸರಿಲ್ಲ, ಊರಿದೆ. ‘ಅಣ್ಣಿಗೇರಿ ಕ್ಲಿಯರ್ ಆತು’, ‘ಕುಂದಗೋಳ ಬೌನ್ಸ್ ಆತು’, ‘ಶಿಗ್ಗಾಂವಿ ಫೋನ್ ಎತ್ತವಲ್ದು’ ಎಂದು ಮಾಲಕರು ಗಲ್ಲೆಯ ಮೇಲೆ ಕೂತು ಹೇಳುತ್ತಿದ್ದರೆ, ಹುಬ್ಬಳ್ಳಿಗೆ ಹೊಸಬರಾದವರಿಗೆ ಭೂಕಂಪದ ವರದಿಯಂತೆ ಕೇಳೀತು. ಈ ಸಲ ಅಲುಗಾಡಿದ್ದು ನವಲಗುಂದ. ಜನವರಿ 8ರ ಬಿಲ್ಲು, ಮೋಟರ್ ಸ್ಟಾರ್ಟರು ಮತ್ತು ಕೇಬಲ್ಲು, ಒಟ್ಟು 62,400 ರೂಪಾಯಿ, 30 ದಿನದ ಉದ್ರಿ. ಗಡುವು ಮುಗಿದ ಮೇಲೆ ‘ಕಡ್ಲಿ ಪಟ್ಟಿ ಬರ್ಲಿ, ಫೆಬ್ರವರಿ 16ಕ್ಕ ಹಾಕ್ತೀನಿ’ ಎಂದರು. 16 ಹೋಯಿತು. ‘ಮಾರ್ಚ್ 2ಕ್ಕ ನಕ್ಕಿ’ ಎಂದರು. ಅದೂ ಹೋಯಿತು.

ಲೆಕ್ಕ ಬರೆಯುವವಳು ನಾನು, ಹಾಗಾಗಿ ವಸೂಲಿ ಫೋನೂ ನನ್ನದೇ. ಮಾಲಕರಿಗೆ ಈ ಕೆಲಸದಲ್ಲಿ ಇರುವುದು ಎರಡೇ ದನಿ: ಬೇಡುವುದು, ಬೈಯುವುದು. ಬೇಡಿದರೆ ಎದುರಿನವರು ನಮ್ಮನ್ನೇ ಸಮಾಧಾನ ಮಾಡುತ್ತಾರೆ, ಬೈದರೆ ಮುಂದಿನ ಸಾಮಾನು ಬೇರೆ ಅಂಗಡಿಯಿಂದ ಒಯ್ಯುತ್ತಾರೆ. ಆದ್ದರಿಂದ ಏನು ಹೇಳಬೇಕು, ಯಾವ ಸಾಲಿನ ನಂತರ ಯಾವುದು ಎಂದು ಹಳೇ ಬಿಲ್ಲಿನ ಹಿಂಬದಿಗೆ ಬರೆದುಕೊಂಡೆ. ಮಾಲಕರು ಓದಿ, ‘ಇಷ್ಟೆಲ್ಲಾ ಯಾಕ? ನವಲಗುಂದದ ಕಾಮಣ್ಣಗ ಹರಕಿ ಹೊತ್ರ ಬರ್ತದ’ ಎಂದರು. ರಾಮಲಿಂಗ ಕಾಮಣ್ಣನ ಮಹಿಮೆ ನಾನೂ ಬಲ್ಲೆ. ಆದರೆ ಪಾರ್ಟಿಯೂ ಅದೇ ಊರಿನವರು, ಅವರು ಮೊದಲೇ ಹೋಗಿ ‘ವಸೂಲಿಯವರು ಮರೀಲಿ’ ಎಂದು ಹರಕೆ ಹೊತ್ತಿದ್ದರೆ?

ಮೊದಲು ಹೊತ್ತು ನೋಡಬೇಕು. ಬೋಣಿ ಆಗುವ ಮುಂಚೆ ದುಡ್ಡು ಕೇಳಿದರೆ ಅಪಶಕುನ, ದೀಪ ಹಚ್ಚಿದ ಮೇಲೆ ಕೇಳಿದರೆ ಲಕ್ಷ್ಮಿ ಹೊರಗೆ ಹೋಗುವುದಿಲ್ಲ, ಶುಕ್ರವಾರವಂತೂ ಕೇಳಲೇಬಾರದು. ಉಳಿದದ್ದು ಗುರುವಾರ, ಹನ್ನೊಂದರ ಮೇಲೆ, ಊಟದ ಒಳಗೆ.

ಫೋನ್ ಎತ್ತಿದ್ದು ಅವರ ಮನೆಯವರು. ‘ಯಾವ ಬಾಬ್ತು ರೀ ಅಕ್ಕಾರ?’ ಎಂದು ಕೇಳಿದರು. ಬಾಕಿಯ ಮಾತನ್ನು ಬಾಕಿದಾರರ ಹೊರತು ಯಾರೊಂದಿಗೂ ಆಡಬಾರದು. ಆಡಿದರೆ ಅವರ ಮರ್ಯಾದೆ ಮನೆಯಲ್ಲೇ ಹೋಗುತ್ತದೆ, ಮರ್ಯಾದೆ ಹೋದವರಿಗೆ ಕೊಡುವ ಅವಸರವೂ ಇರುವುದಿಲ್ಲ. ಪಕ್ಕದಲ್ಲಿದ್ದ ಮಾಲಕರು ‘ಲಾಟರಿ ಹತ್ತೇತಿ ಅನ್ನು’ ಎಂದು ಪಿಸುಗುಟ್ಟಿದರು. ಸುಳ್ಳು ಹೇಳುವ ಸಾಲು ನನ್ನ ಹಾಳೆಯಲ್ಲಿ ಇರಲಿಲ್ಲ. ‘ಹುಬ್ಬಳ್ಳಿ ಅಂಗಡಿಯಿಂದ ರೀ, ಅಣ್ಣಾರ ಜೋಡಿ ಒಂದೈದು ನಿಮಿಷ ಮಾತಾಡೋದಿತ್ತು’ ಎಂದೆ. ಅಣ್ಣಾರು ಹಿತ್ತಲಿನಿಂದ ಬಂದರು.

ಕ್ಷೇಮ ಸಮಾಚಾರ ನಮ್ಮ ಕಡೆ ಬಿಡುವಂತಿಲ್ಲ. ಆದರೆ ಅದಕ್ಕೆ ಅಂಚು ಹಾಕದಿದ್ದರೆ ಮಳೆ, ಕಡಲೆ ರೇಟು, ನನ್ನ ತಂಗಿಯ ಮದುವೆ ಎಲ್ಲ ಮುಗಿದು ಕೊನೆಗೆ ‘ಮತ್ತ ಸಿಗೋಣ್ರೀ’ ಎಂದು ಇಟ್ಟುಬಿಡುತ್ತಾರೆ. ಆರಾಮ ಇದ್ದೀರೇನ್ರಿ ಎಂದ ಉಸಿರಿನಲ್ಲೇ ಓದಿದೆ: ‘ಅಣ್ಣಾರ, ಜನವರಿ 8ರ ಬಿಲ್ಲು, 62,400. ನೀವು 16ಕ್ಕ ಹಾಕ್ತೀನಿ ಅಂದಿದ್ರಿ, ಆಮ್ಯಾಲೆ ಮಾರ್ಚ್ 2ಕ್ಕ ಅಂದಿದ್ರಿ. ಇನ್ನೂ ಜಮಾ ಆಗಿಲ್ಲ.’

ಇಷ್ಟೇ. ‘ಯಾಕ ಹಾಕ್ಲಿಲ್ಲ’ ಎಂಬ ಪ್ರಶ್ನೆ ಇಲ್ಲಿ ಬರಲೇಬಾರದು. ಕಾರಣ ಕೇಳಿದರೆ ಕಾರಣ ಸಿಗುತ್ತದೆ, ಅದೂ ಧಾರಾಳವಾಗಿ. ಇದರ ಮುಂದೆ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು: ‘ಸುಮ್ಮನಿರುವುದು.’ ತಾರೀಖು ಎರಡೂ ಅವರದೇ ಬಾಯಿಂದ ಬಂದವು, ಮುಂದಿನ ಮಾತೂ ಅವರೇ ಆಡಬೇಕು. ನಾನು ಬಾಯಿ ಬಿಗಿಹಿಡಿದೆ. ಅತ್ತಲಿಂದ ಎಮ್ಮೆ ಕೂಗಿದ ಸದ್ದು ಮಾತ್ರ. ಆಗ ಮಾಲಕರಿಗೆ ತಡೆಯಲಾಗಲಿಲ್ಲ, ಫೋನಿಗೆ ಬಾಯಿಟ್ಟು, ‘ಇರ್ಲಿ ಬಿಡ್ರೀ ಸಾಹುಕಾರ್ರ, ಅವಸರೇನಿಲ್ಲ!’ ಎಂದುಬಿಟ್ಟರು.

ಆ ಕ್ಷಣದಲ್ಲಿ ಮಾರ್ಚ್ ತಿಂಗಳು ಕೈಬಿಟ್ಟು ಹೋದದ್ದು ನನಗೆ ಕಂಡಿತು. ‘ಹಂಗಾರ ಹೋಳಿ ಹಬ್ಬ ಮುಗೀಲ್ರೀ. ನಿಮ್ಮ ಹುಬ್ಬಳ್ಳ್ಯಾಗ ಬಣ್ಣ ಐದನೇ ದಿನಕ್ಕ, ನಿಮ್ಮಂಗಡೀನೂ ಬಂದ್ ಇರ್ತದ’ ಎಂದು ಅಣ್ಣಾರು ಉತ್ಸಾಹದಿಂದ ಎದ್ದು ಕೂತರು. ಮಾಲಕರನ್ನು ಚಹಾ ಹೇಳಿ ಬರಲು ಕಳಿಸಿ, ಫೋನನ್ನು ಎಡಗಿವಿಗೆ ಬದಲಿಸಿ ಮುಂದಿನ ಸಾಲಿಗೆ ಬಂದೆ: ‘ಸಾಮಾನಿನಾಗ, ಬಿಲ್ಲಿನಾಗ ಏನರೆ ತಕರಾರು ಐತೇನ್ರಿ ಅಣ್ಣಾರ?’

ಒಂದು ವಾಯಿದೆ ತಪ್ಪಿದರೆ ಕೈ ಖಾಲಿ ಇರಬಹುದು. ಎರಡನೆಯದೂ ತಪ್ಪಿ, ಫೋನನ್ನು ಮಾತ್ರ ಎತ್ತುತ್ತಿದ್ದಾರೆಂದರೆ ಹೊಟ್ಟೆಯೊಳಗೆ ಏನೋ ಕೂತಿರುವ ಸಂಭವ ಹೆಚ್ಚು. ಬಂತು ನೋಡಿ: ‘ಎರಡು ಸ್ಟಾರ್ಟರು ಟ್ರಿಪ್ ಆಗ್ತಾವಂತ ನಿಮ್ಮ ಹುಡುಗನ ಕೈಯಾಗ ವಾಪಸ್ ಕೊಟ್ಟೀನಿ. ಬಿಲ್ಲಿನಾಗ ಕಡಿಮಿ ಮಾಡಿಲ್ಲ, ಪೂರಾ ಕೇಳ್ತೀರಿ.’ ಅಟ್ಟದ ಮೇಲೆ ನೋಡಿಸಿದೆ. ಎರಡೂ ಡಬ್ಬಿ ಸಮೇತ ಇದ್ದವು, ಕ್ರೆಡಿಟ್ ನೋಟ್ ಮಾತ್ರ ಯಾರೂ ಬರೆದಿರಲಿಲ್ಲ. ಒಂದಕ್ಕೆ 2,600ರಂತೆ 5,200 ತೆಗೆದರೆ ನಿಜವಾದ ಬಾಕಿ 57,200. ಐದು ಸಾವಿರದ ಮುನಿಸಿಗೆ ಅರವತ್ತು ಸಾವಿರ ನಿಂತಿತ್ತು. ಬಾಯಿಬಿಟ್ಟು ಹೇಳಿದರೆ ಸಣ್ಣತನ ಎಂದು ಅವರು ಹೇಳಲಿಲ್ಲ, ಕೇಳಿದರೆ ಜಗಳ ಎಂದು ನಾವು ಕೇಳಲಿಲ್ಲ. ‘ಕ್ರೆಡಿಟ್ ನೋಟ್ ಇವತ್ತ ಕಳಸ್ತೀನ್ರಿ’ ಎಂದಾಗ ಅವರ ದನಿ ಬೇರೆಯಾಯಿತು.

ಇನ್ನು ಮುಖ್ಯ ಸಾಲು. ‘ಯಾವಾಗ ಕೊಡ್ತೀರಿ’ ಎನ್ನಬಾರದು. ‘ಯಾವಾಗ’ಕ್ಕೆ ಅವರು ಈಗಾಗಲೇ ಎರಡು ಸಲ ಉತ್ತರ ಕೊಟ್ಟಿದ್ದಾರೆ, ಮೂರನೆಯದಕ್ಕೇನೂ ಖರ್ಚಿಲ್ಲ. ಕೇಳಬೇಕಾದದ್ದು: ‘ಇವತ್ತು ಎಷ್ಟು ಆಗ್ತದ್ರಿ?’ ಅಣ್ಣಾರು ‘ಐದು’ ಎಂದರು. ‘ಮ್ಯಾಲಿನ 17,200 ಹಾಕಿಬಿಡ್ರಿ, ಉಳಿದಿದ್ದು ಸಮಾ 40,000 ಆಗ್ತದ, ಎರಡು ಭಾಗ ಮಾಡೋಣ’ ಎಂದೆ. ಚಿಲ್ಲರೆ ಮುರಿದು ಸಮ ಮಾಡಿಕೊಡುತ್ತೇವೆಂದರೆ ನಮ್ಮ ಜನಕ್ಕೆ ಅದೇನೋ ಸಮಾಧಾನ. ಅಂದೇ ಬರುವ ಆ ಮೊದಲ ಕಂತೇ ಪರೀಕ್ಷೆ. ಅದು ಬಾರದಿದ್ದರೆ ಮುಂದಿನ ತಾರೀಖುಗಳನ್ನು ಡೈರಿಯಲ್ಲಿ ಬರೆದು ಶಾಯಿ ಕೆಡಿಸಬೇಕಿಲ್ಲ.

ಇಡುವ ಮುಂಚೆ ಅಣ್ಣಾರು, ‘ಇನ್ನೊಂದು ಮೂವತ್ತು ಸಾವಿರದ ಕೇಬಲ್ ಬೇಕಿತ್ತು, ಅದೂ ಇದರಾಗ ಸೇರಸ್ರಿ’ ಎಂದರು. ‘ಸಾಮಾನು ಸಂಜಿಗೇ ಕಳಸ್ತೀವ್ರಿ, ಹಳೇದು ಮುಗಿಯೋತನಕ ಹೊಸದಕ್ಕ ರೋಖ’ ಎಂದೆ. ಚಹಾ ಹಿಡಿದು ಬಂದ ಮಾಲಕರು ಇದನ್ನು ಕೇಳಿ ಎದೆ ಹಿಡಿದುಕೊಂಡರು. ಹೆದರಿಸದೆ ಹೇಳಬಹುದಾದ ಗಟ್ಟಿ ಮಾತು ಇದೊಂದೇ, ಅದನ್ನೂ ನಗುತ್ತಲೇ ಹೇಳಬೇಕು.

ಫೋನ್ ಇಟ್ಟ ಕೂಡಲೇ ವಾಟ್ಸಾಪ್ ಹಾಕಿದೆ: ‘ಅಣ್ಣಾರ, ಮಾತಾಡಿದ ಪ್ರಕಾರ ಬಾಕಿ 57,200. ಇವತ್ತು 17,200, ಮಾರ್ಚ್ 12ಕ್ಕೆ 20,000, 19ಕ್ಕೆ 20,000. ಸರಿ ಇದ್ದರೆ ಹೂಂ ಅನ್ನಿರಿ.’ ಅವರು ಎರಡು ಕೈ ಮುಗಿಯುವ ಚಿತ್ರ ಕಳಿಸಿದರು. ಅದು ಒಪ್ಪಿಗೆಯೋ ಕ್ಷಮಾಪಣೆಯೋ ತಿಳಿಯುವುದಿಲ್ಲ, ‘ಹೂಂ ಅಂತ ಅಕ್ಷರದಾಗ ಹಾಕ್ರಿ’ ಎಂದು ಬೆನ್ನುಬಿದ್ದು ಹಾಕಿಸಿಕೊಂಡೆ. ಮಾತು ನಾಳೆ ಬದಲಾದೀತು, ಅಕ್ಷರ ಬದಲಾಗದು.

17,200 ಸಂಜೆಗೆ ಯುಪಿಐನಲ್ಲಿ ಬಂತು. 12ರ ಕಂತು 13ಕ್ಕೆ ಬಂತು, ಅದೂ ‘ಒಂದಿನ ತಡಾ ಆತ್ರಿ’ ಎಂದು ಅವರೇ ಮುಂಚೆ ಫೋನ್ ಮಾಡಿ ಹೇಳಿದ ಮೇಲೆ. 19ಕ್ಕೆ ಅಣ್ಣಾರು ಸ್ವತಃ ರೊಕ್ಕ ಹಿಡಿದು ಅಂಗಡಿಗೆ ಬಂದರು, ಮಾಲಕರ ಜೊತೆ ಕೂತು ಗಿರ್ಮಿಟ್ಟು ತಿಂದರು, ರಸೀದಿ ಮಡಚಿ ಕಿಸೆಗೆ ಇಟ್ಟುಕೊಂಡರು. ಆಮೇಲೆ ನನ್ನ ಟೇಬಲ್ಲಿನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: ‘ಅಕ್ಕಾರ, ಅವತ್ತು ನೀವು ನೋಡಿಕೊಂಡು ಮಾತಾಡಿದ್ದು ಗೊತ್ತಾತು. ಆ ಹಾಳಿ ನನಗೊಂದು ಜೆರಾಕ್ಸ್ ಕೊಡ್ರಿ. ರೈತರ ಕಡೆ ನನ್ನವೂ ಬಾಳ ನಿಂತಾವ. ಆ ಸುಮ್ಮನಿರೋದೊಂದು ತಗದು ಕೊಡ್ರಿ ಮತ್ತ, ನಮ್ಮೂರಾಗ ಅದು ಯಾರ ಕೈಲೂ ಆಗೂದಿಲ್ಲ.’