ಮೇಲಕ್ಕೆ ನೂರು, ಕೆಳಕ್ಕೆ ನೂರು ಹಾಕಿದರೆ ವಾಪಸ್ ಬರುವುದೆಷ್ಟು?

ಬೆಲೆ ಇನ್ನು ಕೆಲವು ನಿಮಿಷಗಳಲ್ಲಿ ಮೇಲೆ ಹೋಗುತ್ತದೋ ಕೆಳಗೆ ಹೋಗುತ್ತದೋ ಅಂತ ದುಡ್ಡು ಕಟ್ಟಿಸುವ ಬೈನರಿ ಆಪ್ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಒಂದು ಲೆಕ್ಕ ಹಾಕಿಸುತ್ತೇನೆ. ಒಂದೇ ಕ್ಷಣದಲ್ಲಿ, ಒಂದೇ ಬೆಲೆಗೆ, 'ಮೇಲೆ' ಅಂತ ₹100 ಮತ್ತು 'ಕೆಳಗೆ' ಅಂತ ₹100 ಹಾಕಿದೆ ಅಂದುಕೊಳ್ಳಿ. ಗೆದ್ದರೆ ಶೇ. 85 ಲಾಭ, ಸೋತರೆ ಹಾಕಿದ್ದೆಲ್ಲ ಹೋಯಿತು ಅನ್ನುವ ಆಪ್ ಇದು. ಎರಡರಲ್ಲಿ ಒಂದು ಗೆಲ್ಲಲೇಬೇಕು. ಆಗ ಕೈಗೆ ಬರುವುದು ₹185. ಹಾಕಿದ್ದು ₹200. ಮಾರುಕಟ್ಟೆ ಎತ್ತ ಹೋದರೂ ₹15 ಮಾಯ.

ಈ ₹15 ಎಲ್ಲೂ 'ಶುಲ್ಕ' ಅಂತ ಬರೆದಿರುವುದಿಲ್ಲ. ಬ್ರೋಕರೇಜ್ ಸೊನ್ನೆ ಅಂತಲೇ ಜಾಹೀರಾತು ಇರುತ್ತದೆ. ಅದು ಅಡಗಿರುವುದು ಬೆಲೆಯೊಳಗೆ. ಹಾಗಾದರೆ ಸರಿಯಾದ ಬೆಲೆ ಎಷ್ಟು, ಅದನ್ನು ಹೇಳುವವರು ಯಾರು?

ಇಂಥ ಒಪ್ಪಂದಕ್ಕೆ ಮಾರುಕಟ್ಟೆಯವರು ಡಿಜಿಟಲ್ ಆಪ್ಷನ್ ಅನ್ನುತ್ತಾರೆ. ಬ್ಯಾಂಕುಗಳು ಇದನ್ನು ಎಷ್ಟೋ ವರ್ಷಗಳಿಂದ ದೊಡ್ಡ ಗ್ರಾಹಕರಿಗೆ ಮಾರುತ್ತಿವೆ. ಉದಾಹರಣೆಗೆ, ಒಪ್ಪಂದ ಮುಗಿಯುವ ಎಕ್ಸ್‌ಪೈರಿ ದಿನ ನಿಫ್ಟಿ 25,000ಕ್ಕಿಂತ ಮೇಲಿದ್ದರೆ ₹100, ಇಲ್ಲದಿದ್ದರೆ ಏನೂ ಇಲ್ಲ. ಎಷ್ಟು ಮೇಲೆ ಅನ್ನುವುದು ಲೆಕ್ಕಕ್ಕೇ ಇಲ್ಲ. 25,001 ಆದರೂ ₹100, 26,000 ಆದರೂ ₹100.

ಎನ್‌ಎಸ್‌ಇಯಲ್ಲಿ ಇಂಥದ್ದು ಸಿಗುವುದಿಲ್ಲ. ಆದರೆ ನಿಫ್ಟಿಯ ಮಾಮೂಲಿ ಕಾಲ್ ಆಪ್ಷನ್‌ಗಳು 50 ಪಾಯಿಂಟ್‌ಗೊಂದರಂತೆ ಸಿಗುತ್ತವೆ. ಎಕ್ಸ್‌ಪೈರಿ ದಿನ ನಿಫ್ಟಿ ಗೊತ್ತುಮಾಡಿದ ಮಟ್ಟ, ಅಂದರೆ ಸ್ಟ್ರೈಕ್, ದಾಟಿ ಎಷ್ಟು ಪಾಯಿಂಟ್ ಮೇಲಿದೆಯೋ ಅಷ್ಟು ರೂಪಾಯಿ ಕೊಡುವುದು ಕಾಲ್. ಅವುಗಳಿಂದಲೇ ಇದನ್ನು ಹೆಚ್ಚುಕಡಿಮೆ ಕಟ್ಟಬಹುದು. ವಾರದಷ್ಟು ದಿನ ಬಾಕಿ ಇದೆ, ನಿಫ್ಟಿ ಫ್ಯೂಚರ್, ಅಂದರೆ ಆ ದಿನಕ್ಕೆ ಈಗಲೇ ಒಪ್ಪಿಕೊಳ್ಳುವ ಬೆಲೆ, ಸರಿಯಾಗಿ 25,000ದಲ್ಲಿದೆ ಅಂದುಕೊಳ್ಳಿ. 24,950ರ ಕಾಲ್ ₹212, 25,000ದ್ದು ₹185, 25,050ರದ್ದು ₹160. ಲೆಕ್ಕಕ್ಕೆಂದು ನಾನೇ ಇಟ್ಟ ಬೆಲೆಗಳು ಇವು. ಆದರೆ ವೊಲಟಿಲಿಟಿ, ಅಂದರೆ ವರ್ಷದ ಲೆಕ್ಕದಲ್ಲಿ ಬೆಲೆ ಅಲ್ಲಾಡುವ ಪ್ರಮಾಣ, ಶೇ. 13ರ ಹತ್ತಿರ ಇದ್ದಾಗ ಬೆಲೆ ಇದೇ ಆಸುಪಾಸಿನಲ್ಲಿರುತ್ತದೆ.

24,950ರ ಕಾಲ್ ಕೊಂಡು 25,000ದ್ದು ಮಾರಿದರೆ ಖರ್ಚು ₹27. ಇದೇ ಕಾಲ್ ಸ್ಪ್ರೆಡ್. ನಿಫ್ಟಿ 24,950ರ ಕೆಳಗೆ ಮುಗಿದರೆ ಸೊನ್ನೆ. 25,000ದ ಮೇಲೆ ಎಲ್ಲೇ ಮುಗಿದರೂ ಸರಿಯಾಗಿ ₹50. ಅದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ. ಇಂಥ ಎರಡು ಸ್ಪ್ರೆಡ್ ಕೊಂಡರೆ ಖರ್ಚು ₹54, ಮೇಲೆ ಹೋದರೆ ₹100. ಡಿಜಿಟಲ್ ಕೊಡುವುದೂ ಅಷ್ಟೇ ಅಲ್ವಾ? ವ್ಯತ್ಯಾಸ ಇರುವುದು ನಡುವಿನ 50 ಪಾಯಿಂಟ್‌ನಲ್ಲಿ ಮಾತ್ರ. ಡಿಜಿಟಲ್ ಅಲ್ಲಿ ಮೆಟ್ಟಿಲಿನ ಹಾಗೆ ಒಮ್ಮೆಲೇ ಏರುತ್ತದೆ, ಸ್ಪ್ರೆಡ್ ಇಳಿಜಾರಿನ ಹಾಗೆ ನಿಧಾನಕ್ಕೆ ಏರುತ್ತದೆ.

ಆ ಇಳಿಜಾರು 25,000ಕ್ಕೆ ಮೊದಲೇ ಶುರುವಾಗುತ್ತದೆ. ಹಾಗಾಗಿ ಈ ಸ್ಪ್ರೆಡ್ ಜೋಡಿ ಯಾವತ್ತೂ ಡಿಜಿಟಲ್‌ಗಿಂತ ಕಡಿಮೆ ಕೊಡುವುದಿಲ್ಲ. ಅಂದರೆ ಡಿಜಿಟಲ್‌ನ ಬೆಲೆ ₹54 ದಾಟುವಂತಿಲ್ಲ. ಈಗ ಇನ್ನೊಂದು ಕಡೆಯಿಂದ ನೋಡಿ. 25,000ದ ಕಾಲ್ ಕೊಂಡು 25,050ರದ್ದು ಮಾರಿದರೆ ₹25, ಎರಡಕ್ಕೆ ₹50. ಇದು ಯಾವತ್ತೂ ಡಿಜಿಟಲ್‌ಗಿಂತ ಜಾಸ್ತಿ ಕೊಡುವುದಿಲ್ಲ. ಹಾಗಾಗಿ ಡಿಜಿಟಲ್‌ನ ಬೆಲೆ ₹50ಕ್ಕಿಂತ ಕೆಳಗೆ ಇರುವಂತಿಲ್ಲ. ನಿಫ್ಟಿ ಏರುತ್ತದೋ ಇಳಿಯುತ್ತದೋ ಅಂತ ಊಹೆ ಮಾಡದೆಯೇ ಬೆಲೆಯನ್ನು ₹50 ಮತ್ತು ₹54ರ ನಡುವೆ ಕಟ್ಟಿಹಾಕಿದ್ದಾಯಿತು. 50 ಪಾಯಿಂಟ್ ಬದಲು 10 ಪಾಯಿಂಟ್ ಅಂತರದ ಕಾಲ್‌ಗಳು ಸಿಕ್ಕಿದ್ದರೆ ಹತ್ತು ಸ್ಪ್ರೆಡ್ ಬೇಕಾಗುತ್ತಿತ್ತು, ಎರಡು ಮಿತಿಗಳೂ ಇನ್ನೂ ಹತ್ತಿರ ಬರುತ್ತಿದ್ದವು. ಅಂತರ ಸೊನ್ನೆಯತ್ತ ಹೋದ ಹಾಗೆ ಇಳಿಜಾರೇ ಮೆಟ್ಟಿಲಾಗುತ್ತದೆ. ಡಿಜಿಟಲ್ ಅಂದರೆ ತೀರಾ ಕಿರಿದಾದ ಕಾಲ್ ಸ್ಪ್ರೆಡ್ ಅನ್ನುವುದು ಇದಕ್ಕೇ.

ಫಾರ್ಮುಲಾ ಇರುವಾಗ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಆಪ್ಷನ್ ಬೆಲೆ ಹೇಳುವ ಬ್ಲ್ಯಾಕ್-ಶೋಲ್ಸ್ ಫಾರ್ಮುಲಾಗೆ ಒಂದೇ ವೊಲಟಿಲಿಟಿ ಕೊಟ್ಟು ಲೆಕ್ಕ ಹಾಕಿದರೆ ಇದೇ ಡಿಜಿಟಲ್‌ಗೆ ₹49.60ರ ಹತ್ತಿರ ಬರುತ್ತದೆ. ನಮ್ಮ ಕೆಳಗಿನ ಮಿತಿಗಿಂತಲೂ ಕಡಿಮೆ! ತಪ್ಪು ಎಲ್ಲಿದೆ ಅಂದರೆ, ಇಂಡೆಕ್ಸ್ ಆಪ್ಷನ್‌ಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಸ್ಟ್ರೈಕ್‌ಗೆ ವೊಲಟಿಲಿಟಿ ಸ್ವಲ್ಪ ಜಾಸ್ತಿ, ಮೇಲಿನದಕ್ಕೆ ಸ್ವಲ್ಪ ಕಡಿಮೆ ಇರುತ್ತದೆ. ಇದಕ್ಕೆ ಸ್ಕ್ಯೂ ಅನ್ನುತ್ತಾರೆ. ಒಂದೊಂದು ಸ್ಟ್ರೈಕ್‌ಗೆ ಶೇ. 0.1ರಷ್ಟು ವ್ಯತ್ಯಾಸ ಇದ್ದರೂ ಈ ಡಿಜಿಟಲ್‌ನ ಬೆಲೆ ಸುಮಾರು ₹2.80 ಮೇಲೇಳುತ್ತದೆ. ಸ್ಪ್ರೆಡ್ ಲೆಕ್ಕದಲ್ಲಿ ಅದು ತಾನಾಗಿಯೇ ಸೇರಿರುತ್ತದೆ, ಯಾಕೆಂದರೆ ಎರಡೂ ಕಾಲ್‌ಗಳ ಬೆಲೆ ಬಂದಿರುವುದು ಮಾರುಕಟ್ಟೆಯಿಂದಲೇ.

ಡಿಜಿಟಲ್ ಮಾರಿದ ಬ್ಯಾಂಕಿನವರಿಗೆ ನಿದ್ದೆ ಕೆಡುವುದು ಕೊನೆಯ ನಿಮಿಷಗಳಲ್ಲಿ. ₹1 ಕೋಟಿಯ ಡಿಜಿಟಲ್ ಮಾರಿದ್ದಾರೆ, ಒಂದು ನಿಮಿಷ ಬಾಕಿ ಇದೆ, ನಿಫ್ಟಿ ಸರಿಯಾಗಿ 25,000ದಲ್ಲೇ ಕೂತಿದೆ ಅನ್ನಿ. ಕಟ್ಟಕಡೆಯ ಬೆಲೆಯ ಮೇಲೆಯೇ ತೀರ್ಮಾನ ಅಂತಲೂ ಇಟ್ಟುಕೊಳ್ಳೋಣ. ಆ ಒಂದು ನಿಮಿಷದಲ್ಲಿ ನಿಫ್ಟಿ ಆ ಕಡೆಗೋ ಈ ಕಡೆಗೋ ಸುಮಾರು 10 ಪಾಯಿಂಟ್ ಅಲ್ಲಾಡಬಹುದು. ಅಷ್ಟರಲ್ಲೇ ಪೂರ್ತಿ ಒಂದು ಕೋಟಿ ಕೊಡಬೇಕಾಗಬಹುದು, ಏನೂ ಕೊಡದೆಯೂ ಇರಬಹುದು. ಆ ನಷ್ಟಕ್ಕೆ ರಕ್ಷಣೆಯಾಗಿ ಫಾರ್ಮುಲಾ ಹೇಳಿದಷ್ಟು ಹೆಡ್ಜ್ ಮಾಡಬೇಕಾದರೆ ₹940 ಕೋಟಿ ಬೆಲೆಯ ನಿಫ್ಟಿ ಫ್ಯೂಚರ್ ಹಿಡಿಯಬೇಕು. ನಿಫ್ಟಿ ಹತ್ತಿಪ್ಪತ್ತು ಪಾಯಿಂಟ್ ಆಚೀಚೆ ಆದರೆ ಅಷ್ಟನ್ನೂ ಬಿಸಾಕಬೇಕು. ಯಾರ ಕೈಯಲ್ಲಾಗುತ್ತದೆ ಹೇಳಿ.

ಅದಕ್ಕೆ ಬ್ಯಾಂಕಿನ ಟ್ರೇಡಿಂಗ್ ಡೆಸ್ಕ್‌ನವರು ಡಿಜಿಟಲ್ ಮಾರಿದರೂ ತಮ್ಮ ಪುಸ್ತಕದಲ್ಲಿ ಅದನ್ನು 200 ಪಾಯಿಂಟ್ ಅಗಲದ ಕಾಲ್ ಸ್ಪ್ರೆಡ್ ಅಂತಲೇ ಬರೆದುಕೊಳ್ಳಬಹುದು. ಆಗ ಹೆಡ್ಜ್ ಎಷ್ಟೇ ಬೆಳೆದರೂ ₹125 ಕೋಟಿ ದಾಟುವುದಿಲ್ಲ. ಅಗಲ ಜಾಸ್ತಿ ಆದಷ್ಟೂ ಗ್ರಾಹಕ ಕೊಡುವ ಬೆಲೆ ಜಾಸ್ತಿ, ಡೆಸ್ಕ್‌ಗೆ ತಲೆನೋವು ಕಡಿಮೆ. ಅಗಲ ಎಷ್ಟಿರಬೇಕು ಅನ್ನುವುದು ಆ ಸರಕಿನಲ್ಲಿ ಎಷ್ಟು ವಹಿವಾಟು ಇದೆ ಅನ್ನುವುದರ ಮೇಲೆ ನಿಲ್ಲುತ್ತದೆ.

ಈಗ ಆಪ್‌ಗೆ ಬರೋಣ. ₹100 ಹಾಕಿದರೆ ₹185 ಕೊಡುವುದು ಅಂದರೆ, ₹100ರ ಡಿಜಿಟಲ್ ಅನ್ನು ₹54.05ಕ್ಕೆ ಮಾರಿದ ಹಾಗೆ. ಐದು ನಿಮಿಷದ ಆಟದಲ್ಲಿ, ಈಗಿನ ಬೆಲೆಯೇ ಸ್ಟ್ರೈಕ್ ಆದಾಗ, ನ್ಯಾಯವಾದ ಬೆಲೆ ₹50ರ ಹತ್ತಿರ. 'ಮೇಲೆ' ₹54.05, 'ಕೆಳಗೆ' ₹54.05, ಎರಡೂ ಸೇರಿ ₹108.10. ಎರಡನ್ನೂ ಕೊಂಡವರಿಗೆ ಸಿಗುವುದು ಖಚಿತವಾದ ₹100. ಐದು ನಿಮಿಷದ ಫಾರೆಕ್ಸ್, ಅಂದರೆ ವಿದೇಶಿ ಕರೆನ್ಸಿ ಆಟಕ್ಕೆ ಹೋಲಿಸಿ ನೋಡಲು ಕಾಲ್ ಸ್ಪ್ರೆಡ್ ಸಿಗುವುದಿಲ್ಲ ನಿಜ. ಆದರೆ ಈ ಕೂಡುವ ಲೆಕ್ಕ ಯಾವ ಆಪ್‌ಗಾದರೂ ನಡೆಯುತ್ತದೆ.

100 ಸಲ ಆಡಿದರೆ ಲಾಭದಲ್ಲಿರಲು ಕನಿಷ್ಠ 55 ಸಲ ಗೆಲ್ಲಬೇಕು. ನಾಣ್ಯ ಚಿಮ್ಮಿದ ಹಾಗೆ ಆಡುವವರಲ್ಲಿ ಶೇ. 18ರಷ್ಟು ಜನ ಅಲ್ಲಿಗೆ ಮುಟ್ಟುತ್ತಾರೆ. ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಹಾಕುವವರು ಇವರೇ. 1,000 ಸಲ ಆಡಿದರೆ 541 ಬೇಕು. ಅಲ್ಲಿಗೆ ಮುಟ್ಟುವವರು 200 ಜನರಲ್ಲಿ ಒಬ್ಬರು.

ನಮ್ಮ ಅಕ್ಕನ ಮಗ ಇದಕ್ಕೂ ಉತ್ತರ ಇಟ್ಟುಕೊಂಡಿದ್ದ. "ಮಾಮ, ಸೋತಾಗಲೆಲ್ಲ ಡಬಲ್ ಮಾಡ್ತಾ ಹೋದ್ರೆ ಒಂದ್ಸಲ ಗೆದ್ರೂ ಎಲ್ಲ ವಾಪಸ್ ಬರುತ್ತಲ್ಲ?" ಟೆಲಿಗ್ರಾಂ ಗುಂಪಿನಲ್ಲಿ ಕಲಿಸಿದ್ದರಂತೆ. ಸರಿ, ಬರೆಯೋ ಅಂದೆ. 100 ಹೋಯಿತು, 200 ಹೋಯಿತು, 400 ಹೋಯಿತು. ಒಟ್ಟು 700 ನಷ್ಟ. ನಾಲ್ಕನೆಯ ಸಲ 800 ಹಾಕಿ ಗೆದ್ದೆ ಅನ್ನು. ಶೇ. 85 ಅಂದರೆ ಲಾಭ 680. ಗೆದ್ದ ಮೇಲೂ ₹20 ನಷ್ಟ! ಅವನು ಪೆನ್ನು ಇಟ್ಟು ಇನ್ನೊಮ್ಮೆ ಫೋನಿನಲ್ಲಿ ಕೂಡಿ ನೋಡಿದ.

ಇಷ್ಟೂ ಹೇಳಿದ್ದು ಆಪ್ ಪ್ರಾಮಾಣಿಕವಾಗಿದೆ ಅಂದುಕೊಂಡು. ನನಗೆ ಜಾಸ್ತಿ ಭಯ ಇರುವುದು ಇನ್ನೊಂದು ಕಡೆ. ಇಂಥ ಎಷ್ಟೋ ಆಪ್‌ಗಳಲ್ಲಿ ಎದುರಿಗೆ ಇನ್ನೊಬ್ಬ ಟ್ರೇಡರ್ ಇರುವುದಿಲ್ಲ, ಆಪ್‌ನವರೇ ಇರುತ್ತಾರೆ. ನೀವು ಸೋತದ್ದು ಅವರ ಆದಾಯ. ಬೆಲೆ ತೋರಿಸುವವರೂ ಅವರೇ, ಗೆದ್ದಿರೋ ಸೋತಿರೋ ಅಂತ ತೀರ್ಮಾನಿಸುವವರೂ ಅವರೇ. ನಮ್ಮ ಸ್ಪ್ರೆಡ್ ಜೋಡಿಯಲ್ಲಿ ಕೊನೆಯ ಬೆಲೆ ಒಂದು ಪಾಯಿಂಟ್ ಆಚೀಚೆ ಆದರೆ ವ್ಯತ್ಯಾಸ ₹2. ಡಿಜಿಟಲ್‌ನಲ್ಲಿ ಅದೇ ಒಂದು ಪಾಯಿಂಟ್‌ಗೆ ಪೂರ್ತಿ ₹100 ಹೋಗಬಹುದು. ಮೆಟ್ಟಿಲಿನ ಅಂಚಿನಲ್ಲಿ ಒಂದು ಟಿಕ್ ತಳ್ಳಿದರೆ ಸಾಕು, ಯಾರಿಗೂ ಕಾಣುವುದಿಲ್ಲ. ನಿಫ್ಟಿ ಎಕ್ಸ್‌ಪೈರಿಯ ಬೆಲೆಯನ್ನು ಷೇರುಗಳ ಕೊನೆಯ ಅರ್ಧ ಗಂಟೆಯ ಸರಾಸರಿಯಿಂದ ಲೆಕ್ಕ ಹಾಕುವ ಪದ್ಧತಿ ಬಂದಿದ್ದೇ ಇಂಥ ತಳ್ಳಾಟ ಕಷ್ಟವಾಗಲಿ ಅಂತ. ಭಾನುವಾರವೂ ಓಡುವ 'ಒಟಿಸಿ' ಕರೆನ್ಸಿ ಜೋಡಿಗಳು ಕೆಲವು ಆಪ್‌ಗಳಲ್ಲಿ ಇರುತ್ತವಲ್ಲ, ಅವುಗಳ ಬೆಲೆಯನ್ನು ಹೊರಗೆ ಎಲ್ಲೂ ಹೋಲಿಸಿ ನೋಡಲು ಆಗುವುದಿಲ್ಲ.

ಇದು ನನ್ನ ಕಲ್ಪನೆ ಅಲ್ಲ. ಗೆಲ್ಲುವವರನ್ನು ಸೋಲಿಸಲು ಸಾಫ್ಟ್‌ವೇರ್ ತಿರುಚುತ್ತಾರೆ, ದುಡ್ಡು ವಾಪಸ್ ಕೊಡುವುದಿಲ್ಲ ಅನ್ನುವ ದೂರುಗಳ ಬಗ್ಗೆ ಅಮೆರಿಕದ ಮಾರುಕಟ್ಟೆ ನಿಯಂತ್ರಕರಾದ ಎಸ್‌ಇಸಿ ಮತ್ತು ಸಿಎಫ್‌ಟಿಸಿ 2013ರಲ್ಲೇ ಎಚ್ಚರಿಸಿದ್ದವು. ಈ ದಂಧೆಯ ತವರಾಗಿದ್ದ ಇಸ್ರೇಲ್ 2017ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. 2018ರ ಜುಲೈಯಿಂದ ಯುರೋಪ್ ಒಕ್ಕೂಟ, 2019ರ ಏಪ್ರಿಲ್‌ನಿಂದ ಬ್ರಿಟನ್, 2021ರ ಮೇಯಿಂದ ಆಸ್ಟ್ರೇಲಿಯಾ ಸಾಮಾನ್ಯ ಜನರಿಗೆ ಇದನ್ನು ಮಾರುವುದನ್ನೇ ನಿಲ್ಲಿಸಿದವು. ಆಸ್ಟ್ರೇಲಿಯಾದ ನಿಯಂತ್ರಕರು ನೋಡಿದಾಗ ಸುಮಾರು ಶೇ. 80 ಗ್ರಾಹಕರು ನಷ್ಟದಲ್ಲಿದ್ದರು. ಆದರೆ ಅಮೆರಿಕದಲ್ಲಿ ನಿಯಂತ್ರಣದಲ್ಲಿರುವ ಎಕ್ಸ್‌ಚೇಂಜ್ ಮೇಲೆ ಬೈನರಿ ನಡೆಯುತ್ತದೆ. ಅಲ್ಲಿ ಕೊಳ್ಳುವ ಬೆಲೆ, ಮಾರುವ ಬೆಲೆ ಎರಡೂ ಎದುರಿಗೆ ಕಾಣುತ್ತವೆ, ನೀವೂ ಮಾರಬಹುದು, ನಡುವೆ ಹೊರಬರಬಹುದು.

ಹಾಗಂತ ಮಾಮೂಲಿ ಆಪ್ಷನ್‌ಗೆ ಹೋಗಿ ಅಂತ ನಾನು ಹೇಳುತ್ತಿಲ್ಲ ಮಾರಾಯ್ರೆ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ ಮತ್ತು ಆಪ್ಷನ್, ಅಂದರೆ ಎಫ್‌ಆಂಡ್‌ಒ ಆಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ. 93 ಜನ ಕಳೆದುಕೊಂಡಿದ್ದಾರೆ ಅಂತ ಸೆಬಿಯೇ ಹೇಳಿದೆ. ಅಲ್ಲೂ ಸೋಲುತ್ತೀರಿ. ಆದರೆ ಎಕ್ಸ್‌ಚೇಂಜ್ ಬೆಲೆ ತಿರುಚಿ ಸೋಲಿಸುವುದಿಲ್ಲ, ಗೆದ್ದ ದುಡ್ಡು ಖಾತೆಗೆ ಬರುತ್ತದೆ.

ವಿದೇಶಿ ಆಪ್‌ನಲ್ಲಿ ಫಾರೆಕ್ಸ್ ಆಡಲು ಇಲ್ಲಿಂದ ದುಡ್ಡು ಕಳಿಸಿದರೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯಡಿ ಸಿಕ್ಕಿಬೀಳುವವರು ನೀವೇ. ಅನುಮತಿ ಇಲ್ಲದ ಫಾರೆಕ್ಸ್ ವೇದಿಕೆಗಳ ಪಟ್ಟಿಯನ್ನು ಆರ್‌ಬಿಐ 2022ರ ಸೆಪ್ಟೆಂಬರ್‌ನಿಂದ ತನ್ನ ವೆಬ್‌ಸೈಟ್‌ನಲ್ಲಿ ಹಾಕುತ್ತಿದೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲ್ಲ.

ಆಗಲೇ ದುಡ್ಡು ಸಿಕ್ಕಿಹಾಕಿಕೊಂಡಿದ್ದರೆ, ಬಿಡಿಸಿಕೊಳ್ಳಲು 'ಟ್ಯಾಕ್ಸ್ ಮೊದಲು ಕಟ್ಟಿ', 'ವೆರಿಫಿಕೇಶನ್‌ಗೆ ಇಷ್ಟು ಹಾಕಿ' ಅಂತ ಕೇಳಿದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಯುಪಿಐ ರಸೀದಿ, ಚಾಟ್, ಖಾತೆಯ ಸ್ಕ್ರೀನ್‌ಶಾಟ್ ಎಲ್ಲ ತೆಗೆದಿಟ್ಟುಕೊಂಡು ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿರುತ್ತದೆ.