ಭಾಮಿನಿಯ ಆ ಕೊನೆಯ ಗುರು

"ಕಥೆ ಹೇಳೋಕೆ ಗದ್ಯ ಇರುವಾಗ ಭಾಮಿನಿ ಷಟ್ಪದಿಯ ಮಾತ್ರೆ ಲೆಕ್ಕಕ್ಕೆ ಯಾಕೆ ಕಟ್ಟಿಬೀಳಬೇಕು?"

ಕೇಳುವವರನ್ನು ಕಾಯುವಂತೆ ಮಾಡುವುದಕ್ಕೆ. ಉಡುಪಿಯಲ್ಲಿ ಯಕ್ಷಗಾನ ಕೇಳುತ್ತಾ ಬೆಳೆದ ನನಗೆ ಇದು ಕಿವಿಯಿಂದಲೇ ತಿಳಿದದ್ದು. ಮಲ್ಪೆಯ ದೋಣಿಯ ಕಥೆಯೊಂದನ್ನು ಭಾಮಿನಿಯಲ್ಲಿ ಬರೆಯುತ್ತಿದ್ದೇನೆ. ಅದರ ಅರ್ಧ ಪದ್ಯ ನೋಡಿ:

ಕಡಲ ದಡದಲಿ ತಾಯಿ ನಿಂತಳು
ಬಿಡದೆ ಸುರಿಯುವ ಮಳೆಯ ನಡುವಲಿ
ಹಿಡಿದ ದೀಪದ ಕುಡಿಯ ಸೆರಗಲಿ ಮುಚ್ಚಿ ಕಾಯುತಲೇ

ಮೊದಲೆರಡು ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ನಡಿಗೆ. ಒಟ್ಟು 14. ಮೂರನೆಯದು 23, ಕೊನೆಗೆ ಒಂಟಿ ಗುರು. 14ಕ್ಕೆ ಪಳಗಿದ ಕಿವಿ ಅಲ್ಲಿ ನಿಲ್ಲಬೇಕು ಅನ್ನುತ್ತೆ, ಸಾಲು ನಿಲ್ಲುವುದಿಲ್ಲ. ಆ 'ಲೇ' ಎಳೆದಷ್ಟೂ ತಾಯಿ ಕಾಯುತ್ತಾಳೆ, ಜೊತೆಗೆ ನಾವೂ. ವಾಕ್ಯ ಇನ್ನೂ ಮುಗಿದಿಲ್ಲ ಅಲ್ವಾ! ಗದ್ಯದಲ್ಲಿ "ತುಂಬಾ ಹೊತ್ತು ಕಾದಳು" ಎಂದು ಹೇಳಬೇಕಾಗುತ್ತಿತ್ತು. ಇಲ್ಲಿ ಆ ಹೊತ್ತು ಕಿವಿಯಲ್ಲೇ ಕಳೆಯುತ್ತದೆ.

ಆದರೆ ಮಾತ್ರೆ ಎಣಿಸಿದರೆ ಸಾಲದು. ಮೊದಲ ಸಾಲನ್ನು ನಾನು "ಕಡಲ ದಡದಲಿ ನಿಂತಳು ತಾಯಿ" ಎಂದು ಬರೆದಿದ್ದೆ. ಒಟ್ಟು ಅದೇ 14. ಚಪ್ಪಾಳೆ ತಟ್ಟಿ ಓದಿದಾಗ 'ನಿಂತಳು' ಎಂಬಲ್ಲಿ ಕೈ ತಪ್ಪಿತು. ಮೂರು ಬರಬೇಕಾದಲ್ಲಿ ನಾಲ್ಕು ಬಂದಿತ್ತು. ಇನ್ನೊಂದು ಕಾಟ ಸುಮ್ನೆ ತುಂಬಿಸುವ 'ತಾನು', 'ಅದು'. ಅವನ್ನು ತೆಗೆದರೂ ಅರ್ಥ ಕೆಡದಿದ್ದರೆ ಸಾಲನ್ನೇ ಮತ್ತೆ ಕಟ್ಟಬೇಕು.

ದೋಣಿಯ ಇಂಜಿನ್ ಯಾಕೆ ಕೆಟ್ಟಿತು ಎಂಬ ವಿವರ ಮಾತ್ರ ಎಷ್ಟು ಒದ್ದಾಡಿದರೂ ಭಾಮಿನಿಗೆ ಒಗ್ಗಲಿಲ್ಲ. ಆ ಭಾಗವನ್ನು ಗದ್ಯಕ್ಕೇ ಬಿಟ್ಟಿದ್ದೇನೆ.